ಎಂಬತ್ತನಾಲ್ಕು ಗಜ ಹಗ್ಗ

ಹಗ್ಗ ಕಂಡರೆ ನನಗೆ ಇವತ್ತಿಗೂ ಸುಸ್ತಾಗುತ್ತದೆ. ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಹರಿದರೆ ಹೊಸದು ತರಲು ಬೇರೆ ಯಾರನ್ನಾದರೂ ಕಳಿಸುತ್ತೇನೆ. ಅಂಗಡಿಯವನು ಅದನ್ನು ಎಳೆದು ಅಳೆಯುವುದನ್ನು ನಿಂತು ನೋಡುವ ತ್ರಾಣ ನನ್ನಲ್ಲಿಲ್ಲ. ಯಾಕೆ ಅಂತ ಮನೆಯವರು ಕೇಳಿದ್ದುಂಟು. ಕಾಲು ನೋವು ಅಂತ ಹೇಳಿ ತಪ್ಪಿಸಿಕೊಂಡಿದ್ದೇನೆ.

ಆಗ ನನಗೆ ಇಪ್ಪತ್ತೊಂದು ವರ್ಷ. ನಯಾಪೈಸೆ ಬಂದು ಒಂದು ವರ್ಷವಾಗಿತ್ತು. ಶಿಕಾರಿಪುರದಲ್ಲಿ ಕೆರೆ ನಾಲೆಗಳ ರಿಪೇರಿಗೆ ಸಾಮಾನು ಕೊಡುವ ಒಂದು ಉಗ್ರಾಣವಿತ್ತು, ಅದಕ್ಕೆ ನಾನು ಉಗ್ರಾಣಿಕ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗುದ್ದಲಿ, ಪಿಕಾಸಿ, ಬಾಂಡ್ಲಿ, ಮೊಳೆ, ಸುಣ್ಣ, ಹಗ್ಗ, ಇಷ್ಟೇ ನನ್ನ ಸಾಮ್ರಾಜ್ಯ. ಬೇಸಿಗೆಯಲ್ಲಿ ಅಂಜನಾಪುರ ಜಲಾಶಯದ ನೀರು ನಿಲ್ಲಿಸಿ ನಾಲೆ ಒಣಗಿಸುತ್ತಿದ್ದರು. ಆ ಎರಡು ತಿಂಗಳಲ್ಲಿ ಹೂಳು ತೆಗೆಯಬೇಕು, ಕಲ್ಲು ಕಟ್ಟಬೇಕು. ಬೆಳಿಗ್ಗೆ ಏಳಕ್ಕೆ ಮೇಸ್ತ್ರಿಗಳು ಬಾಗಿಲಲ್ಲಿ ನಿಂತಿರುತ್ತಿದ್ದರು. ತಗಡಿನ ಮಾಡು, ಕಿಟಕಿ ಒಂದೇ. ಹನ್ನೊಂದು ಗಂಟೆಗೆಲ್ಲ ಒಳಗೆ ಬೆಂದುಹೋಗುತ್ತಿದ್ದೆ. ನೌಕರಿ ಸಿಕ್ಕಿತು ಅಂತ ಊರಲ್ಲಿ ಸಕ್ಕರೆ ಹಂಚಿದ್ದಳು ನಮ್ಮವ್ವ. ಆ ತಗಡಿನ ಕೆಳಗೆ ಒಂದು ಮಧ್ಯಾಹ್ನ ಅವಳನ್ನು ತಂದು ಕೂರಿಸಬೇಕು ಅನಿಸುತ್ತಿತ್ತು.

ಉಗ್ರಾಣದಲ್ಲಿ ನನ್ನ ಜೊತೆಗಿದ್ದದ್ದು ಒಬ್ಬ ಅಜ್ಜ. ಜವಾನ ಎಂದರೂ ಅವನೇ, ಹಮಾಲಿ ಎಂದರೂ ಅವನೇ, ಅಳೆಯುವವನೂ ಅವನೇ. ಕುಳ್ಳನೆಯ ಆಳು. ಹಣೆ ತುಂಬ ವಿಭೂತಿ, ಬಾಯಲ್ಲಿ ಯಾವಾಗಲೂ ಎಲೆಯಡಿಕೆ, ಮಾತು ಕಡಿಮೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದ. ಆದರೂ ಅವನದು ಕೆಲಸ ಇದ್ದಷ್ಟು ದಿನ ಕೂಲಿ ಅನ್ನುವ ಲೆಕ್ಕ. ಮೇಲಿನವರು ಒಂದು ಚೀಟಿ ಬರೆದರೆ ಮರುದಿನ ಮನೆಗೆ. ನನಗಿಂತ ಮುಂಚೆ ಬಂದುಹೋದ ಉಗ್ರಾಣಿಕರೆಲ್ಲ ಪುಸ್ತಕ ಅವನೆದುರು ತೆರೆದಿಟ್ಟು ಅವನು ಹೇಳಿದ್ದನ್ನು ಬರೆಯುತ್ತಿದ್ದರು. ಬೀಗದ ಕೈ ಎರಡು. ಒಂದು ನನ್ನ ಸೊಂಟದಲ್ಲಿ, ಒಂದು ಅವನ ಉಡಿದಾರದಲ್ಲಿ.

ನಾನು ಬಂದವನೇ ಆ ಹಳೆಯ ಪುಸ್ತಕ ನೋಡಿ ಮೂಗು ಮುರಿದೆ. ಹಗ್ಗದ ಪುಟದಲ್ಲಿ ಎಲ್ಲ ‘ಮಾರು’ ಅಂತಲೇ ಬರೆದಿತ್ತು. ಎರಡು ಕೈ ಚಾಚಿದರೆ ಒಂದು ಮಾರು. ಬಂದದ್ದು ಇಷ್ಟು ಮಾರು, ಕೊಟ್ಟದ್ದು ಇಷ್ಟು ಮಾರು, ಉಳಿದದ್ದು ಇಷ್ಟು. ದೇಶವೆಲ್ಲ ಆಣೆ ಬಿಟ್ಟು ಪೈಸೆಗೆ ಬಂದಿದೆ, ಇಲ್ಲಿ ಇನ್ನೂ ಕೈ ಚಾಚಿಕೊಂಡು ನಿಂತಿದ್ದಾರಲ್ಲ ಎಂದು ನನಗೆ ಸಿಟ್ಟೇ ಬಂತು. ಹೊಸ ಪುಸ್ತಕಕ್ಕೆ ಗೆರೆ ಎಳೆದೆ. ಮೇಲೆ ಕೆಂಪು ಶಾಯಿಯಲ್ಲಿ ‘ಗಜ’ ಎಂದು ಬರೆದೆ. ಬಡಗಿಯ ಹತ್ತಿರ ಒಂದು ಗಜಕೋಲು ಮಾಡಿಸಿ ಎರಡೂ ತುದಿಗೆ ತಗಡು ಹೊಡೆಸಿದೆ. ಇನ್ನು ಮುಂದೆ ಹಗ್ಗ ಕೊಡುವುದೆಲ್ಲ ಈ ಕೋಲಿನಲ್ಲಿ ಎಂದೆ. ಅಜ್ಜ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ, ಚಲೋ ಐತಿ ಎಂದು ಗೋಡೆಗೆ ಆನಿಸಿಟ್ಟ. ಅವನಿಗೆ ಬೇಜಾರಾಯಿತೋ ಏನೋ, ನಾನು ನೋಡಲೂ ಇಲ್ಲ.

ಏಪ್ರಿಲ್ ಕೊನೆಗೆ ಓವರ್‌ಸಿಯರ್ ಸಾಹೇಬರು ಸ್ಟಾಕು ತಪಾಸಣೆಗೆ ಬಂದರು. ಗುದ್ದಲಿ ಸರಿ, ಪಿಕಾಸಿ ಸರಿ, ಮೊಳೆಯೂ ಸರಿ. ಹಗ್ಗಕ್ಕೆ ಬಂದಾಗ ಅವರು ನನ್ನ ಕೋಲನ್ನು ನಂಬದೆ ಅಂಗಳದಲ್ಲಿ ನೂರು ಗಜಕ್ಕೆ ಎರಡು ಗೂಟ ಹೊಡೆಸಿದರು. ಇದ್ದ ಸುರುಳಿ, ತುಂಡು ಎಲ್ಲವನ್ನೂ ಬಿಚ್ಚಿ, ಒಂದರ ತುದಿಗೆ ಇನ್ನೊಂದನ್ನು ಹಿಡಿದು ಎಳೆಸಿದರು. ಪುಸ್ತಕದಲ್ಲಿ ಉಳಿದಿರಬೇಕಾದದ್ದು ಮುನ್ನೂರ ಅರವತ್ತು ಗಜ. ಗೂಟದ ನಡುವೆ ಸಿಕ್ಕಿದ್ದು ಇನ್ನೂರ ಎಪ್ಪತ್ತಾರು. ಎರಡನೇ ಸಲ ಎಳೆಸಿದರು. ಅಷ್ಟೇ. ಎಂಬತ್ತನಾಲ್ಕು ಗಜ ಹಗ್ಗ ಎಲ್ಲಿ?

ನಾನು ಪುಸ್ತಕ ಕೂಡಿಸಿ ಕಳೆದೆ. ಮೂರು ಸಲ. ಬೆವರು ಹಾಳೆಯ ಮೇಲೆ ಬಿದ್ದು ಶಾಯಿ ಹರಡಿತು. ಕೊಟ್ಟ ಒಂದೊಂದು ಚೀಟಿಯನ್ನೂ ತೆಗೆದು ನೋಡಿದೆ, ಮೇಸ್ತ್ರಿಗಳ ಹೆಬ್ಬೆಟ್ಟು, ಸಹಿ ಎಲ್ಲ ಇದ್ದವು. ಕೂಡಿದ್ದು ಸರಿ, ಕಳೆದದ್ದು ಸರಿ. ಓವರ್‌ಸಿಯರ್ ಸಾಹೇಬರು ಕೆಟ್ಟವರಲ್ಲ, ಆದರೆ ಅವರ ಮೇಲೂ ಒಬ್ಬರಿದ್ದರು. ಸೋಮವಾರ ಇಂಜಿನಿಯರ್ ಬರುತ್ತಾರೆ, ಅಷ್ಟರೊಳಗೆ ವರದಿ ಬೇಕು, ಉಗ್ರಾಣಕ್ಕೆ ಯಾರು ಯಾರು ಹೋಗಿಬರುತ್ತಿದ್ದರು ಎಂದು ಸ್ಪಷ್ಟ ಬರಿ ಎಂದರು. ಆಮೇಲೆ ಧ್ವನಿ ತಗ್ಗಿಸಿ, “ನೋಡಯ್ಯ, ಬೀಗದ ಕೈ ಇರೋದು ಇಬ್ಬರ ಹತ್ರ. ನೀನು ಕಾಯಂ ಆಗಬೇಕಾದವನು” ಎಂದರು.

ಆ ಮಾತಿನ ಅರ್ಥ ನನಗೆ ತಿಳಿಯಲಿಲ್ಲ ಅಂತ ಈಗ ಹೇಳಿದರೆ ಸುಳ್ಳಾಗುತ್ತದೆ. ತಿಳಿಯಿತು. ನಾನು ಕೂತು ಬರೆದೆ. ‘ಉಗ್ರಾಣದ ಎರಡನೆಯ ಬೀಗದ ಕೈ ಜವಾನನ ವಶದಲ್ಲಿ ಇರುತ್ತದೆ. ನಾನು ಊಟಕ್ಕೆ ಹೋದಾಗ ಅವನೊಬ್ಬನೇ ಇರುತ್ತಾನೆ.’ ಒಂದಕ್ಷರ ಸುಳ್ಳಿಲ್ಲ. ಅಷ್ಟು ನಿಜವಾದ ಮತ್ತು ಅಷ್ಟು ಹೊಲಸಾದ ವಾಕ್ಯವನ್ನು ನಾನು ಆಮೇಲೆ ಜೀವಮಾನದಲ್ಲಿ ಬರೆದಿಲ್ಲ.

ಅಜ್ಜನಿಗೆ ಓದು ಬರುತ್ತಿರಲಿಲ್ಲ. ಆದರೆ ಸಾಹೇಬರು ಹೋಗುವಾಗ ಅವನನ್ನು ಕರೆದು, ಸೋಮವಾರದೊಳಗೆ ಹಗ್ಗ ತಾನಾಗಿ ವಾಪಸು ಬಂದರೆ ಒಳ್ಳೆಯದು, ಇಲ್ಲದಿದ್ದರೆ ಮಂಗಳವಾರದಿಂದ ಬರಬೇಡ ಎಂದು ಹೇಳಿಬಿಟ್ಟಿದ್ದರು. ಸಂಜೆ ಬೀಗ ಹಾಕುವಾಗ ಅವನು ತನ್ನ ಉಡಿದಾರದ ಬೀಗದ ಕೈ ಬಿಚ್ಚಿ ನನ್ನ ಮೇಜಿನ ಮೇಲಿಟ್ಟ. ಯಾಕಜ್ಜಾ ಎಂದೆ.

“ಇರ್ಲಿ ಸಾಮೀ, ನಿಮ್ಮ ಹತ್ರಾನೇ ಇರ್ಲಿ” ಎಂದ.

ನಾನು ಅವನ ಮುಖ ನೋಡಲಿಲ್ಲ. ತಲೆ ಸಿಡಿಯುತ್ತಿತ್ತು, ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ದಣಿದವನಿಗೆ ನ್ಯಾಯ ಅನ್ಯಾಯ ಎರಡೂ ನಾಳೆಯ ಕೆಲಸ ಅನಿಸಿಬಿಡುತ್ತದೆ.

ಮರುದಿನ ಶುಕ್ರವಾರ ಸೊರಬದಿಂದ ಒಂದು ಕಾಗದ ಬಂತು. ಗುಡವಿಯ ಕಡೆ ಒಂದು ಕೆರೆಯ ತೂಬು ರಿಪೇರಿಗೆ ನಾವು ಐದು ಸುರುಳಿ ಹಗ್ಗವನ್ನು ಬಿಚ್ಚದೆ ಇಡಿಯಾಗಿ ಕಳಿಸಿದ್ದೆವು. ಅಲ್ಲಿನ ಮೇಸ್ತ್ರಿ ಬರೆದಿದ್ದ: ಚೀಟಿಯಲ್ಲಿ ಸುರುಳಿಗೆ ನಲವತ್ತು ಗಜ ಎಂದಿದೆ, ನಾಲ್ಕು ಸುರುಳಿ ಬಿಚ್ಚಿದೆವು, ನೂರ ಅರವತ್ತು ಗಜ ಬರಬೇಕಾದಲ್ಲಿ ನೂರ ಮೂವತ್ತೆಂಟೇ ಇದೆ, ದಾರಿಯಲ್ಲಿ ಯಾರು ಕೊಯ್ದರು ವಿಚಾರಿಸಿ. ಗಾಡಿಯ ಜೊತೆ ಹೋಗಿದ್ದವನು ನಮ್ಮ ಅಜ್ಜನೇ. ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಇದು ಸಾಹೇಬರ ಕೈಗೆ ಸಿಕ್ಕರೆ ಅಜ್ಜನ ಕಥೆ ಮುಗಿಯಿತು. ಆದರೆ ಸತ್ಯ ಹೇಳುತ್ತೇನೆ, ಒಳಗೆ ಎಲ್ಲೋ ಒಂದು ನಿರಾಳವೂ ಆಯಿತು. ಕಳ್ಳ ಅವನೇ ಆಗಿದ್ದರೆ ನಾನು ಬರೆದ ವಾಕ್ಯಕ್ಕೆ ಅರ್ಥ ಬರುತ್ತದಲ್ಲ! ಆ ನಿರಾಳಕ್ಕೆ ನನಗೇ ಹೇಸಿಗೆಯಾಗಿ, ಕಣ್ಣಾರೆ ನೋಡಿಯೇ ಬರುತ್ತೇನೆ ಎಂದು ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಗಜಕೋಲನ್ನೂ ಹಿಡಿದುಕೊಂಡಿದ್ದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು, ಏನ್ರೀ, ಯಾರಿಗೆ ಹೊಡಿಯೋಕೆ ಹೊಂಟೀರಿ ಎಂದು ನಕ್ಕ.

ಸೊರಬದಲ್ಲಿ ಸಾಮಾನು ಇಟ್ಟಿದ್ದದ್ದು ಒಂದು ಹಳೆಯ ಗೋದಾಮಿನಲ್ಲಿ. ಮೇಸ್ತ್ರಿ ಎತ್ತರದ ಆಸಾಮಿ, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಬೆಲ್ಲ ನೀರು ಕೊಟ್ಟ, ಕೂರಿಸಿದ, ಆಮೇಲೆ ಐದನೆಯ ಸುರುಳಿಯನ್ನು ನನ್ನ ಮುಂದೆ ತಂದಿಟ್ಟ. ಅದನ್ನು ಬಿಚ್ಚಿರಲಿಲ್ಲ. ನಡುವೆ ಹಳದಿ ಸೀರೆಯ ಚಿಂದಿಯಿಂದ ಕಟ್ಟಿದ ಗಂಟು ಹಾಗೇ ಇತ್ತು.

ಆ ಗಂಟು ನನಗೆ ಗೊತ್ತಿತ್ತು. ಪುಂಡಿನಾರು ಹೊಸೆದು ನಮಗೆ ಹಗ್ಗ ಮಾರುತ್ತಿದ್ದ ಮುದುಕಿ ಹಾಕಿದ ಗಂಟು ಅದು. ಹಗ್ಗ ತಂದ ದಿನ ಅವಳು ಅಂಗಳದಲ್ಲಿ ಕೂತು ತನ್ನ ಹಳೆ ಸೀರೆ ಹರಿದು ಒಂದೊಂದು ಸುರುಳಿಗೂ ಗಂಟು ಹಾಕಿದ್ದಳು. ಎಳೆದಷ್ಟೂ ಬಿಗಿಯುವ ಗಂಟು. ಒಮ್ಮೆ ಬಿಚ್ಚಿದರೆ ಆ ಚಿಂದಿ ಮತ್ತೆ ಕಟ್ಟಲು ಬರುವುದಿಲ್ಲ, ಹರಿದೇ ಹೋಗುತ್ತದೆ. ಅಂದರೆ ಈ ಸುರುಳಿಯನ್ನು ಅವಳ ನಂತರ ಯಾರೂ ಮುಟ್ಟಿಲ್ಲ. ಬಿಚ್ಚಿ ನೆಲದ ಮೇಲೆ ಚಾಚಿ ನನ್ನ ಕೋಲಿನಲ್ಲಿ ಅಳೆದೆ. ಮೂವತ್ತನಾಲ್ಕು ಗಜ, ಮೇಲೆ ಅರ್ಧ ಗಜಕ್ಕೂ ಕಡಿಮೆ. ನಲವತ್ತಾಗಬೇಕಿತ್ತು.

ಯಾರೂ ಮುಟ್ಟದ ಸುರುಳಿಯಲ್ಲಿ ಹಗ್ಗ ಕಡಿಮೆ ಹೇಗೆ? ಬಿಸಿಲಿಗೆ ಒಣಗಿ ಕುಗ್ಗಿತೇ? ಆರು ಗಜ ಕುಗ್ಗಲು ಅದೇನು ಹಪ್ಪಳವೇ? ಮೇಸ್ತ್ರಿಗೆ ನನ್ನ ಕೋಲಿನ ಮೇಲೆ ನಂಬಿಕೆ ಬರಲಿಲ್ಲ. ತಾನೇ ಹಗ್ಗದ ತುದಿ ಹಿಡಿದು ಎರಡೂ ಕೈ ಅಗಲಿಸಿ ಎಳೆಯುತ್ತ ಎಣಿಸಿದ. ಒಂದಕ್ಕೆ ಲಾಭ ಎನ್ನುವ ರೂಢಿಯಂತೆ ಲಾಭ, ಎರಡು, ಮೂರು ಎಂದು ಶುರುಮಾಡಿ ಹದಿನೆಂಟಕ್ಕೆ ನಿಂತ.

“ಹದಿನೆಂಟೇ ಮಾರು ಅದೆ ಮಾರಾಯ್ರೆ. ನೀವು ಎಷ್ಟಂತ ಕಳ್ಸಿದ್ದು?” ಎಂದು ಕೇಳಿದ.

“ಇಪ್ಪತ್ತು” ಎಂದೆ. ಎಂದವನೇ ಅವನ ಕೈಗಳನ್ನು ನೋಡಿದೆ. ಉದ್ದನೆಯ ಕೈಗಳು. ಹಗ್ಗವನ್ನು ಅವನಿಂದ ತೆಗೆದುಕೊಂಡು ನನ್ನ ಕೈಯಲ್ಲಿ ಎಣಿಸಿದೆ. ಹದಿನೆಂಟಾಗಿ ಇನ್ನೂ ಮುಕ್ಕಾಲು ಮಾರು ಉಳಿಯಿತು. ಹಗ್ಗ ಅದೇ.

ಆಗ ಆ ದಿನದ್ದೆಲ್ಲ ಕಣ್ಣ ಮುಂದೆ ಬಂತು. ಮುದುಕಿಯ ಹಗ್ಗ ಬಂದ ದಿನ ನಾನು ಮೇಜಿನ ಹಿಂದೆ ಕೂತಿದ್ದೆ. ಕೊಡುವುದಕ್ಕೆ ಕೋಲು ಮಾಡಿಸಿದ್ದೆ ನಿಜ. ಆದರೆ ಹಗ್ಗ ಮಾರುವವರ ರೂಢಿ ಮಾರಿನದು, ಕೊಳ್ಳುವ ಕಡೆಯವನು ತನ್ನ ಕೈಯಿಂದ ಅಳೆದುಕೊಳ್ಳಬೇಕು. ಹೊರಗೆ ಬಿಸಿಲಲ್ಲಿ ನಿಂತು ಅಜ್ಜ ತನ್ನ ಗಿಡ್ಡ ಕೈ ಚಾಚಿ ಅಳೆದ. ಇಪ್ಪತ್ತು ಮಾರಿಗೊಂದು ಸುರುಳಿ, ಇಪ್ಪತ್ತು ಸುರುಳಿ. ಒಟ್ಟು ನಾನೂರು ಮಾರು ಸಾಮೀ ಎಂದು ಕೂಗಿದ. ನಾನು ನೆರಳಲ್ಲಿ ಕೂತು, ಒಂದು ಮಾರಿಗೆ ಎರಡು ಗಜ, ಆರು ಅಡಿ, ಎಂದು ಶಾಲೆಯಲ್ಲಿ ಕಲಿತದ್ದನ್ನು ನೆನೆದು ‘ಎಂಟುನೂರು ಗಜ’ ಎಂದು ದುಂಡಗೆ ಬರೆದೆ. ಅಕ್ಷರ ಚೆನ್ನಾಗಿ ಬಂತೆಂದು ಖುಷಿಪಟ್ಟದ್ದೂ ನೆನಪಿದೆ.

ಇಪ್ಪತ್ತೆರಡು ವರ್ಷ ಆ ಉಗ್ರಾಣಕ್ಕೆ ಬಂದ ಹಗ್ಗವೂ ಅಜ್ಜನ ಕೈಯಲ್ಲಿ ಅಳೆದದ್ದು, ಹೋದ ಹಗ್ಗವೂ ಅವನ ಕೈಯಲ್ಲೇ ಅಳೆದದ್ದು. ಕೈ ಗಿಡ್ಡವಿದ್ದರೇನು, ಉದ್ದವಿದ್ದರೇನು, ಎರಡೂ ಕಡೆ ಅದೇ ಕೈ. ಪುಸ್ತಕಕ್ಕೂ ಹಗ್ಗ ಇಡುವ ಗೂಡಿಗೂ ಒಂದು ದಿನ ತಪ್ಪಿದ್ದಿಲ್ಲ. ಬುದ್ಧಿವಂತ ನಾನು ಬಂದು, ಬರುವುದನ್ನು ಅವನ ಕೈಯಲ್ಲೇ ಬಿಟ್ಟು, ಹೋಗುವುದನ್ನು ಮಾತ್ರ ಕೋಲಿಗೆ ಕೊಟ್ಟೆ. ಕಳ್ಳ ಯಾರು ಎಂದು ಹುಡುಕಿಕೊಂಡು ಸೊರಬಕ್ಕೆ ಬಂದವನು ಅವನನ್ನು ನನ್ನ ಜೊತೆಯಲ್ಲೇ ಬಸ್ಸಿನಲ್ಲಿ ಕರೆತಂದಿದ್ದೆ.

ಭಾನುವಾರ ರಜೆ. ಆದರೂ ಬೆಳಿಗ್ಗೆಯೇ ಹೋಗಿ ಅಜ್ಜನನ್ನು ಕರೆತರಲು ಹೇಳಿಕಳಿಸಿ ಉಗ್ರಾಣ ತೆರೆದೆ. ಅವನು ಬಂದು ಬಾಗಿಲಾಚೆಯೇ ನಿಂತ. ನನಗೆ ವಿವರಿಸುವ ತಾಳ್ಮೆ ಇರಲಿಲ್ಲ. ಮೊದಲು ಲೆಕ್ಕ ಸರಿಬಂದೀತೇ ನೋಡುವ ಆತುರ. ಅಳೆಯುವ ಟೇಪು ಹಿಡಿದು ಎದ್ದೆ.

“ಅಜ್ಜಾ, ಎರಡೂ ಕೈ ಚಾಚಿ ನಿಲ್ಲು” ಎಂದೆ.

ಅವನು ನನ್ನನ್ನೇ ಒಂದು ಗಳಿಗೆ ನೋಡಿದ. ಹೆಗಲ ಮೇಲಿನ ಟವೆಲು ತೆಗೆದು ಕೊಡವಿ ನೆಲದ ಮೇಲೆ ಹಾಕಿದ. ಅಂಗಿಯ ಗುಂಡಿ ಬಿಚ್ಚಿದ. ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ ಟವೆಲಿನ ಮೇಲಿಟ್ಟ. ಆಮೇಲೆ ಕಣ್ಣು ಮುಚ್ಚಿ ಎರಡೂ ಕೈ ಚಾಚಿ ನಿಂತ.

“ನೋಡ್ಕೊಳ್ರಿ ಸಾಮೀ. ಮೈಮ್ಯಾಲೆ ಏನೂ ಇಲ್ಲ” ಎಂದ.

ನಾನು ಟೇಪು ಹಿಡಿದು ಅಲ್ಲೇ ನಿಂತೆ. ಅಯ್ಯೋ, ಮೈ ತಡಕುವುದಕ್ಕಲ್ಲ ಅಜ್ಜಾ ಎನ್ನಬೇಕಿತ್ತು. ಇಪ್ಪತ್ತೆರಡು ವರ್ಷ ಹಗ್ಗ ಅಳೆದ ಕೈ, ನಾನು ಚಾಚು ಎಂದರೆ ಅವನಿಗೆ ಹೊಳೆದದ್ದು ಇದು. ಅವನ ಒಂದು ಕೈಯ ಬೆರಳ ತುದಿಯಿಂದ ಇನ್ನೊಂದು ಕೈಯ ಬೆರಳ ತುದಿಗೆ ಟೇಪು ಹಿಡಿದೆ. ಐದು ಅಡಿ ಎರಡು ಇಂಚು. ನಾನು ಬರೆದದ್ದು ಆರು ಅಡಿ. ಮಾರಿಗೆ ಹತ್ತು ಇಂಚು ಕಡಿಮೆ.

ಸೊರಬಕ್ಕೆ ಹೋದದ್ದು ಬಿಟ್ಟರೆ ನಮ್ಮಲ್ಲಿ ಉಳಿದದ್ದು ಮುನ್ನೂರು ಮಾರು, ಕೋಲಿನಲ್ಲಿ ಅಳೆದು ಕೊಟ್ಟ ಇನ್ನೂರ ನಲವತ್ತು ಗಜವೂ ಅದರಿಂದಲೇ ಹೋದದ್ದು. ಮಾರಿಗೆ ಹತ್ತು ಇಂಚಿನಂತೆ ಮೂರು ಸಾವಿರ ಇಂಚು. ಗಜಕ್ಕೆ ಮೂವತ್ತಾರರಂತೆ ಎಂಬತ್ತಮೂರು ಗಜ ಒಂದು ಅಡಿ. ಇನ್ನು ಎರಡು ಅಡಿ ತುದಿ ಬಿಚ್ಚಿಕೊಂಡದ್ದರಲ್ಲಿ, ಕೊಯ್ದದ್ದರಲ್ಲಿ ಹೋಗಿರಬೇಕು. ಲೆಕ್ಕ ಬರೆದ ಕಾಗದವನ್ನು ಅವನಿಗೆ ತೋರಿಸಿ, ಹಗ್ಗ ಎಲ್ಲೂ ಹೋಗಿಲ್ಲ ಅಜ್ಜಾ, ಅದು ಬಂದೇ ಇರಲಿಲ್ಲ, ಬರೆದದ್ದೇ ತಪ್ಪು, ಬರೆದವನು ನಾನು ಎಂದು ಎರಡೆರಡು ಸಲ ಹೇಳಿದೆ. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿಸಿಕೊಂಡ. ಹಂಗಾರೆ ಚಲೋ ಆತು ಎಂದ. ಅಷ್ಟೇ.

ಇಂಜಿನಿಯರರ ಮುಂದೆ ಇಡಲು ಗೂಡಿನ ಹಗ್ಗವನ್ನು ಕೊನೆಯದಾಗಿ ಒಮ್ಮೆ ಅಳೆದುಬಿಡೋಣ ಎಂದು ಇಳಿಸಿದೆ. ಇನ್ನೂರ ಎಪ್ಪತ್ತಾರು ಬರಬೇಕು. ಇನ್ನೂರ ಎಂಬತ್ತೆಂಟು ಬಂತು. ಹಾಳಾದ್ದು, ಈಗ ಹನ್ನೆರಡು ಗಜ ಹೆಚ್ಚು! ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಒಂದೊಂದೇ ತುಂಡು ತಿರುವಿ ನೋಡಿದೆ. ಕೆಳಗೆ, ಹೊಸ ಹಗ್ಗದ ಮಡಿಕೆಯೊಳಗೆ, ಒಂದು ಹಳೆಯ ಹಗ್ಗ. ಕಪ್ಪಗಾಗಿತ್ತು, ಹಸಿ ವಾಸನೆ, ಅಲ್ಲಲ್ಲಿ ರಾಟೆ ಸವೆಸಿದ ಗುರುತು, ತುದಿಯಲ್ಲಿ ಕೊಡದ ಕಂಠ ಕಟ್ಟುತ್ತಿದ್ದ ಜಾಗದಲ್ಲಿ ತುಕ್ಕಿನಂಥ ಕಲೆ.

ನಾನು ಅಜ್ಜನ ಕಡೆ ತಿರುಗಿದೆ. ಅವನು ನೆಲ ನೋಡಿದ. ಶುಕ್ರವಾರ ನಾನು ಊಟಕ್ಕೆ ಹೋದಾಗ ತಂದಿಟ್ಟನಂತೆ. ಮನೆಯ ಬಾವಿಯದು. ಸೋಮವಾರದೊಳಗೆ ಬಂದರೆ ಒಳ್ಳೆಯದು ಅಂತ ಸಾಹೇಬರು ಅಂದಿದ್ದರಲ್ಲ. ಮೊದಲು ಇದು, ಉಳಿದದ್ದಕ್ಕೆ ಬೀಗರ ಮನೆಗೆ ಹೇಳಿಕಳಿಸಿದ್ದೇನೆ ಎಂದ.

“ಹಾಗಾದ್ರೆ ಮನೇಲಿ ನೀರು?” ಎಂದೆ.

“ಸೊಸಿ ಕೆರಿಗೆ ಹೋಗ್ತಾಳ್ರಿ” ಎಂದ.

ಆ ಬೇಸಿಗೆಯಲ್ಲಿ ಕೆರೆ ಎಷ್ಟು ದೂರಕ್ಕೆ ಸರಿದಿತ್ತು ಅಂತ ನನಗೆ ಗೊತ್ತಿತ್ತು. ನಾನು ಆ ಒಂದು ವಾಕ್ಯ ಬರೆದು ಮನೆಗೆ ಹೋಗಿ ಮಲಗಿದ್ದೆ. ಅವನ ಸೊಸೆ ಮೂರು ದಿನದಿಂದ ತಲೆಯ ಮೇಲೆ ನೀರು ಹೊರುತ್ತಿದ್ದಳು.

ಸೋಮವಾರ ಓವರ್‌ಸಿಯರ್ ಸಾಹೇಬರ ಮುಂದೆ ಹೊಸ ವರದಿ ಇಟ್ಟೆ, ಸೊರಬದ ಕಾಗದ, ಅಳತೆಯ ಲೆಕ್ಕ ಸಹಿತ. ಹಳೆಯದನ್ನು ವಾಪಸು ಕೇಳಿದೆ. ಅವರು ಎರಡನ್ನೂ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಪ್ಪು ಯಾರದು ಅಂತ ಕೇಳಿದರೆ ಏನು ಹೇಳಲಿ ಎಂದರು. ನನ್ನದು ಎಂದೆ. ಇಂಜಿನಿಯರರು ಹೆಚ್ಚು ಕೂಗಾಡಲಿಲ್ಲ. ಪುಸ್ತಕ ತಿದ್ದಲು ಅಪ್ಪಣೆಯಾಯಿತು, ನಾನು ಕಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು, ಅಜ್ಜನ ಕೂಲಿ ಉಳಿಯಿತು. ಇಷ್ಟಾದರೂ ಆಯಿತಲ್ಲ ಅಂತ ಉಸಿರು ಬಿಟ್ಟೆ.

ಅವನ ಬೀಗದ ಕೈಯನ್ನು ಅವನಿಗೇ ಕೊಟ್ಟೆ. ತೆಗೆದುಕೊಂಡ. ಬಾವಿ ಹಗ್ಗವನ್ನೂ ಇಳಿಸಿ ಮುಂದಿಟ್ಟೆ. ಉಗ್ರಾಣದಿಂದ ಹೊರಗೆ ಹೋಗುವುದು ಯಾವುದೇ ಆಗಲಿ ಅಳೆದು ಬರೆದೇ ಹೋಗಬೇಕು. ಅದು ಅವನಿಗೂ ಗೊತ್ತು, ನನಗೂ ಗೊತ್ತು. ನನಗೆ ಒಂದು ಆಸೆಯಾಯಿತು. ಈ ಒಂದು ಹಗ್ಗ ಅವನ ಕೈಯ ಅಳತೆಯಲ್ಲೇ ಹೋಗಲಿ, ಪುಸ್ತಕದಲ್ಲಿ ಮಾರು ಅಂತಲೇ ಬರೆಯುತ್ತೇನೆ. ಹಗ್ಗದ ತುದಿಯನ್ನು ಅವನ ಮುಂದೆ ಹಿಡಿದೆ.

ಅವನು ತೆಗೆದುಕೊಳ್ಳಲಿಲ್ಲ. ಎರಡೂ ಕೈಯನ್ನು ಟವೆಲಿನ ಕೆಳಗೆ ಸೇರಿಸಿಕೊಂಡಿದ್ದ.

“ಕೋಲು ತಗೊಳ್ರಿ ಸಾಮೀ” ಎಂದ.

ನಾನು ಗೋಡೆಗೆ ಆನಿಸಿದ್ದ ಕೋಲು ತಂದೆ. ನೆಲದ ಮೇಲೆ ಕೂತು ಅಳೆದೆ. ಹನ್ನೆರಡು ಗಜ. ಬರೆದುಕೊಂಡೆ. ಅವನು ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದ. ಅದಾದ ಮೇಲೆ ಎರಡು ವರ್ಷ ನನ್ನ ಜೊತೆ ಕೆಲಸ ಮಾಡಿದ, ಈ ವಿಷಯ ಎಂದೂ ಎತ್ತಲಿಲ್ಲ. ಮುದುಕಿ ಹಗ್ಗ ತಂದಾಗಲೆಲ್ಲ ಅಳೆಯಲು ನಾನೇ ಬಿಸಿಲಿಗೆ ಹೋಗಬೇಕಾಗುತ್ತಿತ್ತು, ಅವನು ಬಾಗಿಲ ಹತ್ತಿರ ಕೂತು ಎಣಿಸುತ್ತಿದ್ದ.